ಐದು ನಿಮಿಷದಲ್ಲಿ ಖಲಂದರನ ಪರಿಚಯ

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಹಾನಗಲ್ಲಿನ ಶಾಲೆಯೊಂದರಲ್ಲಿ ಎರಡು ದಿನದ ಇತಿಹಾಸ ಸಮ್ಮೇಳನ ನಡೆಯಿತು. ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಸರೋಜವ್ವ ಅಲ್ಲಿ ಸ್ವಯಂಸೇವಕಿ. ಎದೆಗೆ ಹಳದಿ ರಿಬ್ಬನ್ ಚುಚ್ಚಿಕೊಂಡು, ಭಾಷಣಕಾರರಿಗೆ ನೀರು ಇಡುವುದು, ಹೊತ್ತು ಮೀರಿದರೆ ಗಂಟೆ ಬಾರಿಸುವುದು ಅವಳ ಕೆಲಸ. ಎರಡನೆಯ ದಿನ ಮುಂಜಾನೆಯಿಂದ ಗಂಟೆ ಬಾರಿಸಿ ಬಾರಿಸಿ ಕೈ ಸೋತಿತ್ತು. ಕೇಳುವವರೇ ಇರಲಿಲ್ಲ.

ಭಾಷಣಕ್ಕಿಂತ ಪರಿಚಯಗಳೇ ಅವಳ ತಲೆ ತಿಂದಿದ್ದವು. ಸಮ್ಮೇಳನದ ಕಾರ್ಯದರ್ಶಿ ಮಲ್ಲೇಶಪ್ಪ ವಕೀಲರು ಒಬ್ಬ ಪಂಡಿತರನ್ನು ಪರಿಚಯಿಸಲು ಇಪ್ಪತ್ತೈದು ನಿಮಿಷ ತೆಗೆದುಕೊಂಡರು. ಅದರಲ್ಲಿ ಇಪ್ಪತ್ತು ನಿಮಿಷ ತಮ್ಮ ವಕೀಲಿಕೆಯ ಕಥೆ. ಕೊನೆಗೆ ಪಂಡಿತರ ಹೆಸರನ್ನೇ ತಪ್ಪಾಗಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಇಂಥವರಿಗೆ ತಟ್ಟದೆ ಇನ್ನಾರಿಗೆ ತಟ್ಟಬೇಕು ಎಂದು ಸರೋಜವ್ವ ಮನಸ್ಸಿನಲ್ಲೇ ನಕ್ಕಳು.

ಊಟದ ನಂತರದ ಗೋಷ್ಠಿಗೆ ಗಣ್ಯರಲ್ಲಿ ಅರ್ಧದಷ್ಟು ಜನ ತೂಕಡಿಸುತ್ತ ಕೂತಿದ್ದರು. ಮುಂದಿನ ಪ್ರಬಂಧ ಒಬ್ಬ ವಿದ್ಯಾರ್ಥಿಯದು. ಅವನನ್ನು ಪರಿಚಯಿಸಬೇಕಾದವರು ಇನ್ನೂ ಹೋಳಿಗೆ ಮುಗಿಸಿರಲಿಲ್ಲ. ಮಲ್ಲೇಶಪ್ಪ ವಕೀಲರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಬಂದರು.

"ಅಕ್ಕೋರ, ಐದು ನಿಮಿಷ ಐತಿ. ಆ ಸವಣೂರ ಹುಡುಗನ ಬಗ್ಗೆ ನೀವ ಎರಡು ಮಾತು ಹೇಳಿಬಿಡ್ರಿ. ಮಲ್ಲೇಶಪ್ಪ ವಕೀಲರ ಮಾರ್ಗದರ್ಶನದಾಗ ಬರದಾನ ಅನ್ರಿ. ಅಷ್ಟ ಸಾಕು. ಹುಡುಗರಿಗೇನ್ರಿ ಪರಿಚಯ!"

ಸರೋಜವ್ವ ಕಾರ್ಯಕ್ರಮ ಪತ್ರಿಕೆಯ ಹಿಂಬದಿಯನ್ನೂ ಒಂದು ಪೆನ್ಸಿಲನ್ನೂ ಹಿಡಿದು ಪಡಸಾಲೆಗೆ ನಡೆದಳು. ಅಲ್ಲಿ ಒಬ್ಬ ತೆಳ್ಳನೆಯ ಹುಡುಗ ಕಾಗದದ ಸುರುಳಿಗಳನ್ನು ಅಪ್ಪಿಕೊಂಡು ನಿಂತಿದ್ದ.

"ತಮ್ಮಾ, ನಿನ್ನ ಹೆಸರು ಹೆಂಗ ಹೇಳಲಿ?"

"ಖಲಂದರ ಅಕ್ಬರಸಾಬ ಅನ್ರಿ ಅಕ್ಕೋರ. ಪತ್ರಿಕಿಯೊಳಗ ಕಳಂದರ ಅಂತ ಅಚ್ಚಾಗೇದ."

"ಎಲ್ಲಿ ಓದ್ತಿ?"

"ಧಾರವಾಡದಾಗ. ಬಿ.ಎ. ಎರಡನೇ ವರ್ಷ."

"ಪ್ರಬಂಧದಾಗ ಏನೈತಿ? ಒಂದ ಮಾತಿನಾಗ ಹೇಳು."

"ಬಂಕಾಪುರದ ಸುತ್ತಮುತ್ತಲ ವೀರಗಲ್ಲು. ಇಪ್ಪತ್ತೊಂದು ಕಲ್ಲು ಓದೇನಿ. ಇಲ್ಲೀಮಟ ಯಾರೂ ಓದಿದ್ದಿಲ್ಲ."

ಬರೆದುಕೊಂಡು ಅವಳು ಗಡಿಯಾರದತ್ತ ನೋಡಿದಳು. ಎರಡು ನಿಮಿಷ ಉಳಿದಿತ್ತು.

"ನಾ ಏನು ಹೇಳಬಾರದು?"

ಹುಡುಗ ಅಚ್ಚರಿಯಿಂದ ನೋಡಿದ. ಇಂಥ ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲ. "ಒಂದು ಕಲ್ಲು ಅರಸಂದಂತ ಜನ ಪೂಜಿ ಮಾಡ್ತಾರ್ರಿ. ಅದು ಅಗಸರವಂದು. ಅದನ್ನ ನಾನ ಹೇಳಬೇಕಂತ..."

"ನೀನ ಹೇಳು. ನಾ ಬಾಯಿ ಬಿಡಂಗಿಲ್ಲ. ಮತ್ತ ವಕೀಲರು ಏನು ಸಹಾಯ ಮಾಡ್ಯಾರ?"

ಖಲಂದರ ತಲೆ ತಗ್ಗಿಸಿದ. "ಅವರು ಕಲ್ಲು ನೋಡಿಲ್ರಿ. ನಮ್ಮ ಮಾಮಾ ನಬೀಸಾಬ ಕಲ್ಲು ಕಡಿಯಾಂವ. ಪಾಚಿ ತಗದು, ಹಸಿ ಕಾಗದ ಬಡದು, ಮಸಿ ಹಚ್ಚಿ ಅಚ್ಚು ತಗದಾಂವ ಅವನ. ಹಿಂದ ಕುಂತಾನ."

ಸರೋಜವ್ವ ವೇದಿಕೆ ಹತ್ತಿದಳು. ಮುಂದಿನ ಸಾಲಿನಲ್ಲಿ ವಕೀಲರು ತಮ್ಮ ಹೆಸರು ಕೇಳಲು ರುಮಾಲು ಸರಿಪಡಿಸಿಕೊಂಡು ಕೂತಿದ್ದರು.

"ಈಗ ಪ್ರಬಂಧ ಓದುವವರು ಖಲಂದರ ಅಕ್ಬರಸಾಬ. ಸವಣೂರಿನವರು, ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದಾರೆ. ವಿಷಯ ಬಂಕಾಪುರದ ಸುತ್ತಲಿನ ವೀರಗಲ್ಲುಗಳು. ಇಪ್ಪತ್ತೊಂದು ಕಲ್ಲುಗಳನ್ನು ಇವರು ಮೊದಲ ಬಾರಿಗೆ ಓದಿದ್ದಾರೆ. ಅವುಗಳ ಅಚ್ಚು ತೆಗೆದವರು ಇವರ ಸೋದರಮಾವ ನಬೀಸಾಬ. ಅವರೂ ಇಲ್ಲಿದ್ದಾರೆ. ಖಲಂದರ ಅವರೇ, ಬನ್ನಿ."

ಒಂದು ನಿಮಿಷವೂ ಹಿಡಿಯಲಿಲ್ಲ. ಪರಿಚಯ ಮುಗಿಯಿತೆಂದು ನಂಬಲಾಗದೆ ಕೆಲವರು ಎಚ್ಚರಗೊಂಡರು. ಹಿಂದಿನ ಗೋಡೆಯ ಪಕ್ಕದಲ್ಲಿ ನಬೀಸಾಬ ಗಾಬರಿಯಾಗಿ ಎದ್ದು ನಿಂತು, ಮತ್ತೆ ಕುಳಿತ.

ಖಲಂದರ ಮೊದಲ ಪುಟ ಮೆಲ್ಲಗೆ ಓದಿದ. ಎರಡನೆಯದರಿಂದ ದನಿ ಗಟ್ಟಿಯಾಯಿತು. ಅಗಸನ ಕಲ್ಲಿನ ಮಾತು ಬಂದಾಗ ಸಮ್ಮೇಳನದ ಅಧ್ಯಕ್ಷರು ಕುರ್ಚಿ ಮುಂದೆ ಎಳೆದುಕೊಂಡರು. ಅವರು ಧಾರವಾಡದ ಹಿರಿಯ ಅಧ್ಯಾಪಕರು, ಎರಡು ದಿನದಲ್ಲಿ ಮೊದಲ ಸಲ ಪೆನ್ನು ತೆಗೆದಿದ್ದರು.

ಓದು ಮುಗಿಯುತ್ತಲೇ ವಕೀಲರು ಎದ್ದರು. "ಇದೆಲ್ಲ ನಮ್ಮ ಮಾರ್ಗದರ್ಶನದಾಗ—"

"ಹೌದೇನ್ರಿ?" ಎಂದರು ಅಧ್ಯಕ್ಷರು. "ಹಂಗಾದ್ರ ಹೇಳ್ರಿ, ಆ ಅಗಸನ ಕಲ್ಲಿನ ಕೊನೀ ಸಾಲು ಅರ್ಧ ಮಣ್ಣಾಗ ಹುಗದಿತ್ತಲ್ಲ, ಅದನ್ನ ಹೆಂಗ ಅಚ್ಚು ತಗದ್ರಿ?"

ವಕೀಲರ ಎಲೆಯಡಿಕೆ ಗಂಟಲಿಗೆ ಇಳಿಯಿತು. ಅಧ್ಯಕ್ಷರು ಹಿಂದೆ ನೋಡಿದರು. "ನಬೀಸಾಬ್ರ, ನೀವ ಹೇಳ್ರಿ."

ನಬೀಸಾಬ ಎದ್ದು ನಿಂತು, ಅಲ್ಲಿಂದಲೇ ಹೇಳಿದ. ಬುಡ ಅಗೆದದ್ದು, ಕಲ್ಲು ವಾಲದಂತೆ ಆನಿಕೆ ಕೊಟ್ಟದ್ದು, ಎರಡು ದಿನ ಒಣಗಲು ಬಿಟ್ಟದ್ದು. ರುಮಾಲುಗಳೆಲ್ಲ ಕಲ್ಲು ಕಡಿಯುವವನ ಕಡೆ ತಿರುಗಿದವು.

ಗೋಷ್ಠಿ ಚದುರಿದ ಮೇಲೆ ವಕೀಲರು ಸರೋಜವ್ವನನ್ನು ಬಾಗಿಲಲ್ಲಿ ತಡೆದರು.

"ನಮ್ಮ ಹೆಸರು ಹೇಳೂದು ಮರತ್ರೇನು ಅಕ್ಕೋರ?"

"ಮರೀಲಿಲ್ರಿ. ಹೇಳಲಿಲ್ಲ."

ಮರುವರ್ಷದ ಸ್ವಯಂಸೇವಕರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಸಮ್ಮೇಳನದ ಪ್ರಬಂಧಗಳ ಪುಸ್ತಕ ಮಾತ್ರ ಅಂಚೆಯಲ್ಲಿ ಬಂತು. ಅಧ್ಯಕ್ಷರು ತಾವೇ ಕರಡು ತಿದ್ದಿದ್ದ ಆ ಪುಸ್ತಕದಲ್ಲಿ ಹುಡುಗನ ಹೆಸರು ಸರಿಯಾಗಿತ್ತು, ಕೆಳಗೆ ನಬೀಸಾಬನದೂ ಇತ್ತು. ಸರೋಜವ್ವ ಅದನ್ನು ಶಾಲೆಗೆ ಒಯ್ದು ಹುಡುಗಿಯರಿಗೆ ಆ ಪ್ರಬಂಧ ಓದಿಸಿದಳು.