ಐದನೇ ಬಿಲ್ಲೆ

ಕೊನೆಯ ಬಿಲ್ಲೆಯನ್ನು ಮೂರನೆಯ ಕಡ್ಡಿಗೆ ಇಳಿಸಿದಾಗ ಹದ್ದಕ್ಕನಿಗೆ ಮೂರು ತಿಂಗಳ ನಂತರ ಮೊದಲ ಬಾರಿಗೆ ತನ್ನ ಕೈ ತನ್ನದೇ ಅನ್ನಿಸಿತು. ಒಂದು ನಡೆಯೂ ಹಿಂದೆ ಮುಂದೆ ಆಗಿರಲಿಲ್ಲ. ಮೇಜಿನ ಆಚೆ ಕೂತು ಪರೀಕ್ಷೆ ನಡೆಸುತ್ತಿದ್ದ ಹುಡುಗಿ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಏನೋ ಬರೆದಳು. ಅರ್ಧ ಗಂಟೆಯ ಮೇಲೆ ಕೈಗೆ ಬಂದ ಹಾಳೆಯಲ್ಲಿ ಹೀಗಿತ್ತು: ನಡೆಗಳು 31. ಮಿತಿ 25. ಯೋಜನಾಶಕ್ತಿ ಸಾಲದು. ಎತ್ತರದ ಯಂತ್ರ ನಡೆಸಲು ಅನರ್ಹ.

ಕಂಟೇನರ್ ಯಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಕ್ರೇನ್ ನಡೆಸಿದವಳು ಆಕೆ. ಏಳು ಮಹಡಿ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಕೆಳಗಿನದೆಲ್ಲ ಕಾಣುತ್ತಾಳೆ ಅಂತ ಹದ್ದಕ್ಕ ಎಂಬ ಹೆಸರು ಬಿದ್ದಿತ್ತು. ಮೂರು ತಿಂಗಳ ಹಿಂದೆ ಇಳಿಯುವಾಗ ಏಣಿಯಲ್ಲಿ ಇನ್ನು ಮೂರೇ ಮೆಟ್ಟಿಲು ಉಳಿದಿದ್ದಾಗ ಕಾಲು ಜಾರಿ ತಲೆಗೆ ಪೆಟ್ಟಾಯಿತು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆದರೆ ತಲೆಗೆ ಪೆಟ್ಟು ಬಿದ್ದವರು ಯಂತ್ರ ಹತ್ತುವ ಮುನ್ನ ಯಾರ್ಡಿನ ದವಾಖಾನೆಯಲ್ಲಿ ಈ ಪರೀಕ್ಷೆ ಪಾಸಾಗಬೇಕು. ಅನರ್ಹರಾದರೆ ಗೇಟಿನ ಕುರ್ಚಿ. ಲಾರಿಗಳ ನಂಬರ್ ಬರೆಯುತ್ತಾ ಉಳಿದ ಸರ್ವೀಸು ಕಳೆಯುವುದು.

"ಯಾವನಮ್ಮ ಈ ಇಪ್ಪತ್ತೈದು ಬರೆದೋನು?" ಎಂದಳು.

"ಡಾಕ್ಟರು, ಮೇಡಂ. ಮೊದಲಿನ ಪೆಟ್ಟಿಗೆಯಲ್ಲಿ ನಾಲ್ಕೇ ಬಿಲ್ಲೆ ಇತ್ತು, ಮಿತಿ ಇಪ್ಪತ್ತು. ಅದು ಮುರಿದುಹೋಯ್ತು. ಎಂಟು ತಿಂಗಳಿಂದ ಈ ಐದು ಬಿಲ್ಲೆಯದ್ದು."

"ಎಂಟು ತಿಂಗಳಲ್ಲಿ ಪಾಸಾದವರೆಷ್ಟು?"

ಹುಡುಗಿ ಬಾಗಿಲ ಕಡೆ ನೋಡಿದಳು. "ನಿಮ್ಮನ್ನೂ ಸೇರಿ ಹನ್ನೊಂದು ಜನ ಫೇಲು. ಯಾರೂ ಪಾಸಾಗ್ತಿಲ್ಲ ಅಂತ ಶುರುವಲ್ಲೇ ಡಾಕ್ಟರಿಗೆ ಹೇಳಿದ್ದೆ ಮೇಡಂ. ಪರೀಕ್ಷೆ ಬಿಗಿಯಾಗಿದ್ರೆ ಒಳ್ಳೇದೇ ಅಂದ್ರು. ಅವರು ನಾಳೆ ಬೆಳಿಗ್ಗೆ ಸಿಗ್ತಾರೆ."

ಹದ್ದಕ್ಕ ಮನೆ ಸೇರಿದ್ದು ಇಡೀ ದಾರಿ ಹಲ್ಲು ಕಡಿದುಕೊಂಡೇ. ಮನೆಯ ಮುಂದಿನ ಕೋಣೆಯೇ ಗಂಡನ ಗಡಿಯಾರ ರಿಪೇರಿ ಅಂಗಡಿ. ಆತ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಹಾಳೆ ಓದಿದ. ಓದಿ, "ಹೋಗ್ಲಿ ಬಿಡು," ಎಂದ. "ನೆಲದ ಮೇಲಿನ ಕೆಲಸ. ನನಗೂ ನೆಮ್ಮದಿ."

"ನಿಮ್ಮ ನೆಮ್ಮದಿಗೆ ನಾನು ದಡ್ಡಿ ಆಗ್ಬೇಕಾ ರೀ?"

"ದಡ್ಡಿ ಅಂತ ಯಾರಂದ್ರು? ಇಪ್ಪತ್ತೈದರಲ್ಲಿ ಮಾಡೋದನ್ನ ನೀನು ಮೂವತ್ತೊಂದರಲ್ಲಿ ಮಾಡಿದೀಯ. ಇನ್ನೊಬ್ಬರು ಮಾಡಿರ್ತಾರೆ."

ಆಕೆ ಅಡುಗೆಮನೆಗೆ ಹೋಗಿ ಐದು ಡಬ್ಬಿಗಳ ಮುಚ್ಚಳ ಕಿತ್ತು ತಂದಳು. ಅಕ್ಕಿಯದು ಎಲ್ಲಕ್ಕಿಂತ ದೊಡ್ಡದು, ಸಾಸಿವೆಯದು ಎಲ್ಲಕ್ಕಿಂತ ಚಿಕ್ಕದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಸೊನ್ನೆ ಬರೆದು, ಮೊದಲನೆಯದರಲ್ಲಿ ಮುಚ್ಚಳಗಳನ್ನು ಗಾತ್ರಕ್ಕೆ ತಕ್ಕಂತೆ ಪೇರಿಸಿದಳು. "ಒಂದು ಸಲಕ್ಕೆ ಒಂದೇ ಎತ್ತಬೇಕು. ಚಿಕ್ಕದರ ಮೇಲೆ ದೊಡ್ಡದು ಕೂರಬಾರದು. ಎಲ್ಲಾ ಮೂರನೇ ಸೊನ್ನೆಗೆ ಹೋಗ್ಬೇಕು. ಮಾಡಿ. ನಾನು ಎಣಿಸ್ತೀನಿ."

ಗಂಡ ನಕ್ಕು ಲುಂಗಿ ಎತ್ತಿಕಟ್ಟಿ ಕೂತ. ಮೊದಲ ಸಲ ನಲವತ್ತಮೂರು. ಎರಡನೆಯ ಸಲ ಮೂವತ್ತೇಳು. ಆಮೇಲೆ ನಗು ನಿಂತಿತು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಮನುಷ್ಯ ಆತ. ಸೋಲು ಸುಲಭಕ್ಕೆ ಒಪ್ಪುವವನಲ್ಲ. ಆರನೆಯ ಸಲಕ್ಕೆ ಮೂವತ್ತೊಂದು ಬಂತು. ಏಳನೆಯದೂ ಮೂವತ್ತೊಂದು. ಎಂಟನೆಯದೂ. ಅದರ ಕೆಳಗೆ ಇಳಿಯಲಿಲ್ಲ.

"ಇಳಿಯಲ್ಲ ರೀ," ಎಂದಳು ಹದ್ದಕ್ಕ. "ಇದು ನಮ್ಮ ಯಾರ್ಡಿನ ಕೆಲಸವೇ. ಭಾರದ ಪೆಟ್ಟಿಗೆ ಅಡಿಗೆ, ಹಗುರದ್ದು ಮೇಲೆ. ಅಡಿಯದ್ದು ಬೇಕು ಅಂದ್ರೆ ಏನ್ಮಾಡ್ತೀನಿ? ಮೇಲಿನ ನಾಲ್ಕನ್ನೂ ಪಕ್ಕಕ್ಕೆ ಹಾಕ್ಬೇಕು. ಅಡಿಯದ್ದು ಹೋಗಿ ಕೂರೋ ಜಾಗ ಖಾಲಿ ಇರ್ಬೇಕಾದ್ರೆ ಆ ನಾಲ್ಕೂ ಉಳಿದ ಒಂದೇ ಜಾಗದಲ್ಲಿ ಇರ್ಬೇಕು. ಬೇರೆ ದಾರಿ ಎಲ್ಲಿದೆ? ನಾಲ್ಕಕ್ಕೆ ಕಮ್ಮಿ ಅಂದ್ರೂ ಹದಿನೈದು ನಡೆ. ಅಡಿಯದಕ್ಕೆ ಒಂದು. ಮತ್ತೆ ಆ ನಾಲ್ಕು ಅದರ ಮೇಲೆ ಬರೋಕೆ ಇನ್ನೊಂದು ಹದಿನೈದು."

"ನಾಲ್ಕಕ್ಕೆ ಹದಿನೈದೇ ಅಂತ ಹೇಗೆ?"

"ಅದೂ ಹಾಗೇ. ಮೂರಕ್ಕೆ ಏಳು, ಒಂದು, ಏಳು."

ಗಂಡ ಸೀಮೆಸುಣ್ಣ ಕಸಿದುಕೊಂಡು ನೆಲದ ಮೇಲೆ ಬರೆದ: 1, 3, 7, 15, 31. ಕೆಳಗಿನ ಸಾಲಿನಲ್ಲಿ 2, 4, 8, 16, 32. ಎರಡೂ ಸಾಲಿನ ಮೇಲೆ ಬೆರಳು ಓಡಿಸಿದ. "ಎಲ್ಲಾ ಒಂದೊಂದು ಕಮ್ಮಿ. ಎಷ್ಟು ಬಿಲ್ಲೆ ಇದೆಯೋ ಅಷ್ಟು ಸಲ ಎರಡನ್ನ ಗುಣಿಸು, ಒಂದು ಕಳಿ. ಅಷ್ಟೇ." ತಲೆ ಎತ್ತಿದ. ಈಗ ಆತನ ಕಿವಿಯೂ ಕೆಂಪಾಗಿತ್ತು. "ಹಾಗಾದ್ರೆ ಆ ಮನುಷ್ಯ ಇಪ್ಪತ್ತೈದು ಎಲ್ಲಿಂದ ತಂದ?"

"ನಾಲ್ಕಕ್ಕೆ ಇಪ್ಪತ್ತು. ಒಂದು ಬಿಲ್ಲೆಗೆ ಐದರಂತೆ ಐದಕ್ಕೆ ಇಪ್ಪತ್ತೈದು. ಟೊಮೇಟೊ ತೂಗಿದ ಹಾಗೆ."

"ತೂ!" ಎಂದ ಗಡಿಯಾರದವನು.

ಆಗ ಆಕೆಗೆ ಪರೀಕ್ಷೆಯ ಪೆಟ್ಟಿಗೆಯ ಮುಚ್ಚಳದ ಮೇಲೆ ಅಚ್ಚಾಗಿದ್ದ ಕಥೆ ನೆನಪಾಯಿತು. ಎಲ್ಲೋ ಒಂದು ಗುಡಿಯಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಪೂಜಾರಿಗಳು ಇದೇ ನಿಯಮದಲ್ಲಿ ಸಾಗಿಸುತ್ತಿದ್ದಾರೆ, ಮುಗಿದ ದಿನ ಲೋಕ ಮುಗಿಯುತ್ತದೆ ಅಂತ. "ಅರವತ್ತನಾಲ್ಕಕ್ಕೆ ಎಷ್ಟಾಗುತ್ತೆ ನೋಡಿ. ಸೆಕೆಂಡಿಗೊಂದು ನಡೆ."

ಸೆಕೆಂಡು ಆತನ ಕಸುಬು. ಫೋನಿನ ಕ್ಯಾಲ್ಕುಲೇಟರು ಕೊನೆಯ ಅಂಕಿಗಳನ್ನು ನುಂಗಿತೆಂದು ಬೈದು, ಕೈಯಲ್ಲೇ ಎರಡೆರಡು ಪಟ್ಟು ಮಾಡುತ್ತಾ ಹೋದ. ಅರವತ್ತನಾಲ್ಕನೆಯ ಸಾಲಿನಲ್ಲಿ ಒಂದು ಕಳೆದಾಗ ಉಳಿದದ್ದು 18446744073709551615. ಅದನ್ನು ವರ್ಷಕ್ಕೆ ಮೂರು ಕೋಟಿ ಹದಿನೈದು ಲಕ್ಷದ ಐವತ್ತೇಳು ಸಾವಿರದ ಆರುನೂರು ಸೆಕೆಂಡಿನಂತೆ ಭಾಗಿಸಿದ. ಐವತ್ತೆಂಟು ಸಾವಿರದ ನಾನೂರ ಐವತ್ತನಾಲ್ಕು ಕೋಟಿ ವರ್ಷ. ವಿಶ್ವಕ್ಕೆ ಈವರೆಗೆ ಆಗಿರುವ ವಯಸ್ಸಿನ ನಲವತ್ತೆರಡು ಪಟ್ಟು.

"ನಾಳೆ ನಾನೂ ಬರ್ತೀನಿ ಕಣೇ," ಎಂದ ಗಂಡ, ಕೈಯ ಸುಣ್ಣ ಒರೆಸಿಕೊಳ್ಳುತ್ತಾ.

ಮರುದಿನ ಬೆಳಿಗ್ಗೆ ಡಾಕ್ಟರು ಗಂಡನನ್ನು ಹೊರಗೆ ಕೂರಿಸಿ ಹದ್ದಕ್ಕನನ್ನು ಮಾತ್ರ ಒಳಗೆ ಕರೆದರು. ಅವರ ಕಿಟಕಿಯಿಂದ ಯಾರ್ಡು ಕಾಣುತ್ತಿತ್ತು. ಅವಳ ಕ್ರೇನು ಅವಳಿಲ್ಲದೆ ಅತ್ತಿತ್ತ ಓಡುತ್ತಿತ್ತು.

"ನೋಡಮ್ಮ, ಬೇಜಾರಾಗೋದು ಸಹಜ," ಎಂದರು ಡಾಕ್ಟರು, ಜ್ವರದ ಮಗುವಿಗೆ ಹೇಳುವ ದನಿಯಲ್ಲಿ. "ಪೆಟ್ಟಾದ ಮೇಲೆ ಸಿಟ್ಟು ಜಾಸ್ತಿ ಬರುತ್ತೆ. ಅದೂ ಒಂದು ಲಕ್ಷಣ."

"ನನ್ನ ಸಿಟ್ಟು ಪೆಟ್ಟಿಂದ ಬಂದದ್ದಲ್ಲ ಡಾಕ್ಟ್ರೇ. ಹುಟ್ಟಿನಿಂದ ಬಂದದ್ದು. ಇಪ್ಪತ್ತೈದರಲ್ಲಿ ಇದನ್ನ ಯಾರೂ ಮುಗಿಸೋಕಾಗಲ್ಲ."

"ಯಾಕಾಗಲ್ಲ? ಒಬ್ಬರು ಮುಗಿಸಿದ್ದಾರಲ್ಲ. ಇಪ್ಪತ್ತನಾಲ್ಕರಲ್ಲೇ." ಡಾಕ್ಟರು ಕಡತ ತಿರುವಿ ಕಿಟಕಿಯತ್ತ ಬೆರಳು ತೋರಿಸಿದರು. "ಅಗೋ, ನಿಮ್ಮ ಕ್ರೇನಲ್ಲೇ ಇದ್ದಾರೆ."

ಹದ್ದಕ್ಕ ಕಿಟಕಿಯತ್ತ ಬಾಗಿ ನೋಡಿದಳು. ಗೂಡಿನಲ್ಲಿದ್ದವನು ಯಾರ್ಡಿನ ಮೇಲ್ವಿಚಾರಕನ ಭಾವಮೈದ. ಹೋದ ಬೇಸಿಗೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಹೊಲಿಗೆ ಹಾಕಿಸಿಕೊಂಡವನು. ಅವನ ಕೆಳಗೆ ಈಗ ನೆಲದಲ್ಲಿ ಎಂಟು ಜನ ಓಡಾಡುತ್ತಿದ್ದರು.

"ಆ ಪೆಟ್ಟಿಗೆ ತನ್ನಿ," ಎಂದಳು.

ಪರೀಕ್ಷೆಯ ಹುಡುಗಿ ತಂದಿಟ್ಟಳು. ಹದ್ದಕ್ಕ ಡಾಕ್ಟರ ಕಾಗದ ಪತ್ರಗಳನ್ನು ಮೊಣಕೈಯಲ್ಲೇ ಪಕ್ಕಕ್ಕೆ ತಳ್ಳಿ ಮೂರು ಕಡ್ಡಿಯನ್ನು ನಡುವೆ ಇಟ್ಟಳು. ಮುಚ್ಚಳವನ್ನು ಅವರ ಮುಂದೆ ಹಿಡಿದಳು. "ಇಲ್ಲಿರೋ ಕಥೆ ಓದಿದೀರಾ? ಅರವತ್ತನಾಲ್ಕು ಬಿಲ್ಲೆ. ಬಿಲ್ಲೆಗೆ ಐದು ನಡೆ ನಿಮ್ಮ ಲೆಕ್ಕ. ಎಷ್ಟಾಯ್ತು?"

"ಮುನ್ನೂರ ಇಪ್ಪತ್ತು."

"ಸೆಕೆಂಡಿಗೊಂದು ಅಂದ್ರೆ ಐದು ನಿಮಿಷ ಇಪ್ಪತ್ತು ಸೆಕೆಂಡು. ನಾನು ಈ ಕುರ್ಚಿಯಲ್ಲಿ ಕೂತು ಅದಕ್ಕಿಂತ ಹೆಚ್ಚು ಹೊತ್ತಾಯ್ತು. ಲೋಕ ಮುಗೀತಾ? ನೀವಿನ್ನೂ ಇದೀರಲ್ಲ!"

ಹುಡುಗಿ ಕೆಮ್ಮಿನ ನೆಪದಲ್ಲಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ನಗಲಿಲ್ಲ, ಆದರೆ ಮುಚ್ಚಳವನ್ನು ಕೈಗೆ ತೆಗೆದುಕೊಂಡರು.

"ನಿಜವಾದ ಲೆಕ್ಕ ಐವತ್ತೆಂಟು ಸಾವಿರ ಕೋಟಿ ವರ್ಷಕ್ಕೂ ಮೇಲೆ," ಎಂದಳು. "ಯಾಕೆ ಅಂದ್ರೆ ಒಂದು ಬಿಲ್ಲೆ ಸೇರಿದ್ರೆ ಕೆಲಸ ಐದು ನಡೆ ಏರಲ್ಲ, ಎರಡು ಪಟ್ಟಾಗಿ ಮೇಲೊಂದು ಸೇರುತ್ತೆ. ನೋಡಿ." ನಾಲ್ಕು ಬಿಲ್ಲೆಗಳನ್ನು ನಡುವಿನ ಕಡ್ಡಿಗೆ ಸಾಗಿಸುತ್ತಾ ಗಟ್ಟಿಯಾಗಿ ಎಣಿಸಿದಳು. ಹದಿನೈದಕ್ಕೆ ನಿಲ್ಲಿಸಿ, ಒಂಟಿಯಾಗಿ ಉಳಿದ ದೊಡ್ಡ ಬಿಲ್ಲೆಯನ್ನು ಬೆರಳಿನಿಂದ ಕುಟ್ಟಿದಳು. "ಇದು ಅಲುಗಾಡಬೇಕಾದ್ರೆ ಆ ನಾಲ್ಕು ಅಲ್ಲೇ ಇರ್ಬೇಕು. ಹೌದೋ ಅಲ್ವೋ? ಇದನ್ನ ಮೂರನೇ ಕಡ್ಡಿಗೆ ಹಾಕಿದ್ರೆ ಹದಿನಾರನೇ ನಡೆ. ಇನ್ನು ಆ ನಾಲ್ಕನ್ನ ಇದರ ಮೇಲೆ ತರೋಕೆ ನಿಮ್ಮ ಮಿತಿಯಲ್ಲಿ ಉಳಿದದ್ದು ಒಂಬತ್ತು. ಹೋದದ್ದು ಹದಿನೈದರಲ್ಲಿ, ಬರೋದು ಒಂಬತ್ತರಲ್ಲಾ? ತಗೊಳ್ಳಿ, ನೀವೇ ತನ್ನಿ."

ಡಾಕ್ಟರು ಕೈ ಹಾಕಿದರು. ಐದು ನಡೆ ಇಟ್ಟು ನಿಂತರು. ಹಿಂದಕ್ಕೆ ಹಾಕಿದರು. ಮತ್ತೆ ಇಟ್ಟರು. ಒಂಬತ್ತು ಮುಗಿದಾಗ ಎರಡು ಬಿಲ್ಲೆ ಇನ್ನೂ ನಡುವಿನ ಕಡ್ಡಿಯಲ್ಲೇ ಇದ್ದವು. ಅವರು ಕೈ ಹಿಂದೆಗೆದುಕೊಂಡರು.

"ಹಾಗಾದ್ರೆ ಆ ಇಪ್ಪತ್ತನಾಲ್ಕು?" ಎಂದರು, ಈ ಸಲ ಹುಡುಗಿಯ ಕಡೆ ತಿರುಗಿ.

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. "ಅವರು ಬೇಗ ಬೇಗ ಎತ್ತಿದ್ರು ಸರ್. ಒಂದೆರಡು ಸಲ ಎರಡು ಬಿಲ್ಲೆ ಒಟ್ಟಿಗೆ ಬಂದ ಹಾಗಿತ್ತು. ಕೈ ಚುರುಕು ಅಂದ್ಕೊಂಡೆ. ಒಬ್ಬರಾದರೂ ಪಾಸಾದ್ರಲ್ಲ ಅಂತ ಸಮಾಧಾನವಾಯ್ತು."

"ನಿಯಮ ಪಾಲಿಸಿದ ನಾವು ಹನ್ನೊಂದು ಜನ ಗೇಟಿಗೆ," ಎಂದಳು ಹದ್ದಕ್ಕ. ದನಿ ಏರಿಸಲಿಲ್ಲ, ಏರಿಸಿದ್ದರೆ ಡಾಕ್ಟರಿಗೆ ಸುಲಭವಾಗುತ್ತಿತ್ತು. "ಎರಡೆರಡು ಎತ್ತಿದೋನು ಮೇಲೆ, ನಲವತ್ತು ಟನ್ನು ಹಿಡ್ಕೊಂಡು. ಇದಕ್ಕೆ ಬಿಗಿ ಪರೀಕ್ಷೆ ಅಂತ ಹೆಸರು. ಮೊದಲು ಅವನನ್ನ ಕೆಳಗಿಳಿಸಿ."

ಡಾಕ್ಟರು ಫೋನೆತ್ತಿ ಯಾರ್ಡಿಗೆ ಮಾತಾಡಿದರು. ಮೇಲ್ವಿಚಾರಕನ ಕೂಗು ಮೇಜಿನ ಈಚೆಗೂ ಕೇಳಿಸಿತು. ಡಾಕ್ಟರು ಒಂದೇ ಮಾತು ಹೇಳಿದರು: "ಮತ್ತೆ ಪರೀಕ್ಷೆ ಆಗೋವರೆಗೂ ಇಲ್ಲ." ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಕ್ರೇನು ನಿಂತಿತು. ಹಿಡಿದ ಪೆಟ್ಟಿಗೆಯನ್ನು ಇಳಿಸಿ, ಒಬ್ಬ ಮನುಷ್ಯ ಏಣಿಯಲ್ಲಿ ಇಳಿಯತೊಡಗಿದ. ಕೊನೆಯ ಮೂರು ಮೆಟ್ಟಿಲು ದಾಟುವವರೆಗೆ ಹದ್ದಕ್ಕ ಉಸಿರು ಬಿಡಲಿಲ್ಲ.

ಡಾಕ್ಟರು ಅವಳ ಹಾಳೆಯಲ್ಲಿ 25 ಅನ್ನು ಹೊಡೆದು ಹಾಕಿ, 'ಕನಿಷ್ಠ ಸಾಧ್ಯ 31; ದೋಷವಿಲ್ಲ; ಅರ್ಹ' ಎಂದು ಬರೆದು ಸಹಿ ಮಾಡಿ ಚಾಚಿದರು. "ತಪ್ಪಾಯ್ತು. ಹೋಗಿಬನ್ನಿ."

ಆಕೆ ಹಾಳೆ ತೆಗೆದುಕೊಂಡು ಮಡಿಚಿ ರವಿಕೆಯಲ್ಲಿ ಇಟ್ಟುಕೊಂಡಳು. ಏಳಲಿಲ್ಲ.

"ಇನ್ನೇನಮ್ಮ?"

"ಉಳಿದ ಹತ್ತು ಜನದ ಕಡತ ತೆಗೀರಿ. ಅವರನ್ನ ಕರೆಸಿ, ಸರಿಯಾದ ಮಿತಿ ಇಟ್ಟು ಮತ್ತೆ ನೋಡ್ತೀನಿ ಅಂತ ಒಬ್ಬೊಬ್ಬರಿಗೂ ಬರೀರಿ. ನಾನು ಕಾಯ್ತೀನಿ. ದಿನಕ್ಕೆ ಎಂಟು ಗಂಟೆ ಕೂರೋದೇ ನನ್ನ ಕೆಲಸ."

ಬಾಗಿಲು ಅರ್ಧ ತೆರೆದು ಗಂಡ ಇಣುಕಿದ. "ಆಯ್ತೇನೇ?"

"ನಂದಾಯ್ತು. ಇನ್ನೂ ಹತ್ತಿದೆ."

ಆತನ ಮುಖ ಇಳಿಯಿತು. "ಹತ್ತು ಅಂದ್ರೆ... ಸಾವಿರದ ಇಪ್ಪತ್ಮೂರು?"

"ಅಲ್ಲ ರೀ. ಇದು ಕಾಗದ. ಒಂದೊಂದಕ್ಕೆ ಐದೈದು ನಿಮಿಷ, ಅಷ್ಟೇ. ಡಾಕ್ಟರ ಲೆಕ್ಕ ಇಲ್ಲಿ ಸರಿಹೋಗುತ್ತೆ." ಪಕ್ಕದ ಕುರ್ಚಿ ಎಳೆದಳು. "ಬನ್ನಿ, ಕೂತ್ಕೊಳ್ಳಿ."

ಡಾಕ್ಟರು ಮೊದಲ ಕಡತ ತೆರೆದರು.