ಎರಡು ಲಕ್ಷ ಎಪ್ಪತ್ತು ಸಾವಿರದ ಕಳ್ಳತನ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಅಂಗಡಿ ನಡೆಸುವವನಿಗೆ ಅಷ್ಟಾದರೂ ಇರಬೇಕು ಎಂದು ನಾನೂ ಜಂಬಪಡುತ್ತಿದ್ದೆ. ಈಗ ಆ ಜಂಬದ ಬಾಯಿಗೆ ಮಣ್ಣು ಬಿದ್ದಿದೆ. ಚಿಕ್ಕಪ್ಪ ಸತ್ತು ನಾಲ್ಕು ತಿಂಗಳಾಯಿತು.

ನಮ್ಮದು ವೈರು, ಸ್ವಿಚ್ಚು, ಫ್ಯಾನು ಮಾರುವ ಅಂಗಡಿ. ಗಲ್ಲಾದ ಮೇಲೆ ಮೊದಲು ಅಪ್ಪ ಕೂರುತ್ತಿದ್ದರು, ಅವರು ಹೋದ ಮೇಲೆ ನಾನು. ಹಿಂದಿನ ಗೋಡೌನು ಇಪ್ಪತ್ತಾರು ವರ್ಷ ಚಿಕ್ಕಪ್ಪನ ಕೈಯಲ್ಲಿತ್ತು. ಒಂದು ಬಲ್ಬು ಬೇಕೆಂದರೂ ಚೀಟಿ ಕೊಡಬೇಕು. ಒಮ್ಮೆ ಮನೆಗೆಂದು ಒಂದು ಹೋಲ್ಡರ್ ಎತ್ತಿಕೊಂಡಿದ್ದಕ್ಕೆ ಬಾಗಿಲಲ್ಲೇ ಅಡ್ಡ ನಿಂತಿದ್ದರು. "ನಿಮ್ಮಪ್ಪನಿಗೇ ಚೀಟಿ ಇಲ್ದೆ ಕೊಟ್ಟೋನಲ್ಲ ನಾನು. ನೀನ್ಯಾವ ದೊಡ್ಡ ಮನುಷ್ಯನೋ?" ಎಂದು ನಗುತ್ತ ಕೈ ಚಾಚಿದ್ದರು. ನಾನು ಬೈದುಕೊಳ್ಳುತ್ತ ಚೀಟಿ ಬರೆದಿದ್ದೆ.

ಅಪ್ಪ ಹಾಕಿಕೊಟ್ಟ ಕ್ರಮ ಒಂದೇ. ನೂರಕ್ಕೆ ಕೊಂಡದ್ದನ್ನು ನೂರಮೂವತ್ತಕ್ಕೆ ಮಾರುವುದು. ಚೌಕಾಸಿ ಇಲ್ಲ, ಸಾಲ ಇಲ್ಲ. 'ನಮ್ಮ ಅಂಗಡೀಲಿ ಮೂವತ್ತು ಪರ್ಸೆಂಟ್ ಲಾಭ' ಎಂದು ಅಪ್ಪ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ವರ್ಷದ ಕೊನೆಗೆ ಸಾಮಾನು ಎಣಿಸಿ ತಾಳೆ ನೋಡುವ ಗೋಜಿಗೆ ಅಪ್ಪ ಹೋದವರೇ ಅಲ್ಲ. ತಮ್ಮನಿದ್ದಾನಲ್ಲ, ಸಾಕು ಎನ್ನುತ್ತಿದ್ದರು.

ನಾನು ಎರಡನೇ ಅಂಗಡಿ ತೆರೆಯಲು ಹೊರಟೆ. ಸಾಲ ಬೇಕಾದರೆ ಗೋಡೌನಿನ ಸಾಮಾನು ಎಣಿಸಿ ಪಟ್ಟಿ ಕೊಡಿ ಎಂದಿತು ಬ್ಯಾಂಕು. ಎರಡು ದಿನ ಬಾಗಿಲು ಹಾಕಿ ಎಣಿಸಿದೆವು. ಕೊಂಡ ಬೆಲೆಯಲ್ಲಿ ಹತ್ತು ಲಕ್ಷದ ಸಾಮಾನು ಇತ್ತು. ಆಮೇಲೆ ನಾನು ಕಾಗದ ಪೆನ್ನು ಹಿಡಿದು ಕೂತೆ. ಗೋಡೌನಿನ ಪುಸ್ತಕದ ಪ್ರಕಾರ ವರ್ಷದ ಮೊದಲು ಇದ್ದದ್ದು ಎಂಟು ಲಕ್ಷದ್ದು, ಕೊಂಡು ತಂದದ್ದು ಮೂವತ್ತೆರಡು, ಒಟ್ಟು ನಲವತ್ತು. ಮಾರಾಟ ಆದದ್ದು ಮೂವತ್ತೊಂಬತ್ತು ಲಕ್ಷ. ಅದರಲ್ಲಿ ಮೂವತ್ತು ಪರ್ಸೆಂಟ್ ಲಾಭ ಅಂದರೆ ಹನ್ನೊಂದು ಲಕ್ಷ ಎಪ್ಪತ್ತು ಸಾವಿರ. ಅದನ್ನು ಕಳೆದರೆ ಹೊರಗೆ ಹೋದ ಸಾಮಾನಿನ ಅಸಲು ಇಪ್ಪತ್ತೇಳು ಲಕ್ಷ ಮೂವತ್ತು ಸಾವಿರ. ಹಾಗಾದರೆ ಗೋಡೌನಿನಲ್ಲಿ ಹನ್ನೆರಡು ಲಕ್ಷ ಎಪ್ಪತ್ತು ಸಾವಿರದ್ದು ಉಳಿದಿರಬೇಕು. ಇರುವುದು ಹತ್ತು.

ಎರಡು ಲಕ್ಷ ಎಪ್ಪತ್ತು ಸಾವಿರ ಎಲ್ಲಿ? ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ ಮಾತ್ರ.

"ಎಲ್ಲ ಸರಿಯಾಗೇ ಇದೆಯಲ್ಲೋ, ಚೀಟಿಗೂ ಸಾಮಾನಿಗೂ ತಾಳೆ ಆಗ್ತಿದೆ" ಎಂದರು ಚಿಕ್ಕಪ್ಪ.

"ಆಗ್ದೆ ಏನು? ಚೀಟಿ ಕಟ್ಟು ಇರೋದೇ ನಿಮ್ಮ ಹತ್ರ. ಎಷ್ಟು ಸುಳ್ಳು ಚೀಟಿ ಸೇರಿಸಿದ್ರೋ ಯಾರಿಗೆ ಗೊತ್ತು?"

ಅವರು ನನ್ನ ಕಾಗದವನ್ನು ಹಿಡಿದು ತುಂಬ ಹೊತ್ತು ನೋಡಿದರು. "ನಂಗೆ ಈ ಪರ್ಸೆಂಟ್ ಎಲ್ಲ ಗೊತ್ತಾಗಲ್ಲಪ್ಪ. ಸಾಮಾನು ಗೊತ್ತು. ಒಂದು ಸ್ವಿಚ್ಚೂ ಹೋಗಿಲ್ಲ" ಎಂದರು. ನಾನು ಬಾಯಿಗೆ ಬಂದಂತೆ ಅಂದೆ. ಉಂಡ ಮನೆಗೆ ದ್ರೋಹ ಬಗೆದಿರಿ ಎಂದೆ. ಕೆಲಸದವರೆಲ್ಲ ಕೇಳಿಸಿಕೊಳ್ಳುವಂತೆ ಬೀಗದ ಕೈ ಕಿತ್ತುಕೊಂಡೆ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಸಂಜೆ ಅವರ ಮನೆಗೇ ಹೋದೆ. ಎರಡು ಕೋಣೆಯ ಬಾಡಿಗೆ ಮನೆ, ಬಾಗಿಲ ಪಕ್ಕ ಹೊಲಿಗೆ ಮೆಷಿನ್ನು. ಚಿಕ್ಕಮ್ಮ ಹೊಲಿಗೆಯ ಅಳತೆ, ಕೂಲಿ ಎಲ್ಲ ಬಾಯಲ್ಲೇ ಲೆಕ್ಕ ಹಾಕುವ ಹೆಂಗಸು. ಅವರ ಮುಂದೆ ಕಾಗದ ಹಿಡಿದೆ. ಮೂವತ್ತೊಂಬತ್ತರಲ್ಲಿ ಮೂವತ್ತು ಪರ್ಸೆಂಟನ್ನು ಅವರೇ ಬೆರಳು ಮಡಿಸಿ ಲೆಕ್ಕ ಮಾಡಿದರು. ಸರಿಯಾಗಿಯೇ ಬಂತು. ಗಂಡನ ಕಡೆ ತಿರುಗಿ, "ಲೆಕ್ಕ ಸರಿಯಾಗೇ ಇದೆಯಲ್ರೀ?" ಎಂದರು. ಚಿಕ್ಕಪ್ಪ ಗೋಡೆ ನೋಡುತ್ತ ಕೂತಿದ್ದರು.

ಅದಾದ ನಲವತ್ತೊಂದನೇ ದಿನ ಎದೆನೋವು ಬಂದು ಚಿಕ್ಕಪ್ಪ ಹೋದರು. ನಾನು ಹೋಗಿ ಹೆಣಕ್ಕೆ ಹೆಗಲು ಕೊಟ್ಟೆ. ಪಾಪಿಯಾದರೂ ಚಿಕ್ಕಪ್ಪ, ಎಂದು ನನ್ನ ದೊಡ್ಡತನಕ್ಕೆ ನಾನೇ ತಲೆದೂಗಿಕೊಂಡೆ. ಥೂ.

ಹೋದ ವಾರ ಬ್ಯಾಂಕಿನಿಂದ ಕರೆ ಬಂತು. ಸಾಲದ ಕಾಗದ ನೋಡುವ ಮೇಡಂ ನನ್ನ ಫೈಲು ತೆರೆದು ಕೂತಿದ್ದರು.

"ಹೊಸ ಅಂಗಡಿಗೆ ಬಾಡಿಗೆ, ಸಂಬಳ, ಕಂತು ಎಲ್ಲ ಕಟ್ಟೋಕೆ ಪ್ರತಿ ನೂರರ ಮಾರಾಟದಲ್ಲಿ ಮೂವತ್ತು ಉಳೀಬೇಕು. ನಿಮಗೆ ಉಳಿಯುತ್ತಾ?"

"ಉಳಿಯುತ್ತೆ ಮೇಡಂ. ನಾವು ಮೂವತ್ತು ಪರ್ಸೆಂಟ್ ಇಟ್ಟೇ ಮಾರೋದು. ನೂರರದ್ದು ನೂರಮೂವತ್ತಕ್ಕೆ."

"ಅದು ಅಸಲಿನ ಮೇಲೆ ಮೂವತ್ತು. ಮಾರಾಟದಲ್ಲಿ ಮೂವತ್ತಲ್ಲ" ಎಂದು ಅವರು ಕ್ಯಾಲ್ಕುಲೇಟರ್ ನನ್ನ ಕಡೆ ತಳ್ಳಿದರು. "ಮೂವತ್ತನ್ನ ನೂರಮೂವತ್ತರಿಂದ ಭಾಗಿಸಿ. ಇಪ್ಪತ್ಮೂರು ಚಿಲ್ಲರೆ ಅಷ್ಟೆ. ಮಾರೋ ಬೆಲೇಲಿ ಮೂವತ್ತು ಉಳೀಬೇಕಾದ್ರೆ ಅಸಲು ಎಪ್ಪತ್ತು ಭಾಗ ಆಗ್ಬೇಕು. ನೂರನ್ನ ಎಪ್ಪತ್ತರಿಂದ ಭಾಗಿಸಿ ನೂರರಿಂದ ಗುಣಿಸಿ. ನೂರನಲವತ್ಮೂರರ ಹತ್ತಿರ ಮಾರ್ಬೇಕಿತ್ತು ನೀವು."

ಆಮೇಲೆ ಒಂದು ಹಾಳೆ ತಿರುಗಿಸಿ ಕೇಳಿದರು, "ಇಲ್ಲಿ ಎರಡು ಲಕ್ಷ ಎಪ್ಪತ್ತು ಸಾವಿರದ ಸಾಮಾನು ಕಳ್ಳತನ ಅಂತ ಬರೆದಿದ್ದೀರಲ್ಲ. ಯಾರಾದ್ರೂ ನೋಡಿದ್ರಾ?"

ನಾನು ಕ್ಯಾಲ್ಕುಲೇಟರ್ ಎಳೆದುಕೊಂಡೆ. ಮೂವತ್ತೊಂಬತ್ತು ಲಕ್ಷವನ್ನು ಒಂದು ಪಾಯಿಂಟ್ ಮೂರರಿಂದ ಭಾಗಿಸಿದೆ. ಮೂವತ್ತು ಲಕ್ಷ. ನಲವತ್ತರಲ್ಲಿ ಮೂವತ್ತು ಹೋದರೆ ಹತ್ತು. ಮತ್ತೆ ಒತ್ತಿದೆ, ಮತ್ತೆ ಹತ್ತು. ಗೋಡೌನಿನಲ್ಲಿ ಇದ್ದದ್ದೂ ಹತ್ತು. ಒಂದು ಸ್ವಿಚ್ಚೂ ಹೋಗಿರಲಿಲ್ಲ.

ಮೇಡಂ ನೀರು ಬೇಕಾ ಎಂದು ಕೇಳಿದರು. ನಾನು ಫೈಲು ಅಲ್ಲೇ ಬಿಟ್ಟು ನೆಟ್ಟಗೆ ಚಿಕ್ಕಮ್ಮನ ಮನೆಗೆ ಹೋದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಕಾಲು ಹಿಡಿಯುತ್ತೇನೆ, ಕೆಲಸದವರನ್ನೆಲ್ಲ ಕೂಡಿಸಿ ನನ್ನ ತಪ್ಪು ಎನ್ನುತ್ತೇನೆ, ಆ ಮನುಷ್ಯನ ಹೆಸರಾದರೂ ತೊಳೆಯುತ್ತೇನೆ.

ಚಿಕ್ಕಮ್ಮ ರವಿಕೆಯ ಅಂಚು ಹೊಲಿಯುತ್ತಿದ್ದರು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅವರು ಮೆಷಿನ್ನು ನಿಲ್ಲಿಸಿ, "ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. ನೂರು, ನೂರಮೂವತ್ತು, ಎಂದು ಬೆರಳು ಮಡಿಸುತ್ತ ತಾವೇ ಲೆಕ್ಕ ಹಾಕಿದರು. ಅವರಿಗೆ ನನಗಿಂತ ಬೇಗ ಅರ್ಥವಾಯಿತು.

"ಹಾಗಾದ್ರೆ ಅವರು ಏನೂ ತಗೊಂಡಿರ್ಲಿಲ್ಲ."

"ಇಲ್ಲ ಚಿಕ್ಕಮ್ಮ. ತಪ್ಪೆಲ್ಲ ನಂದು. ನಿಮ್ಮ ಕಾಲಿಗೆ ಬೀಳ್ತೀನಿ."

ನನ್ನ ಮಾತು ಅವರಿಗೆ ಕೇಳಿಸಲೇ ಇಲ್ಲ. ಬಟ್ಟೆಯನ್ನು ಮೆಷಿನ್ನಿನಿಂದ ಬಿಡಿಸಿ ಮಡಚಿದರು, ಮತ್ತೆ ಬಿಚ್ಚಿದರು.

"ಅಷ್ಟೂ ದಿನ ನಾನು ಅವರ ಜೊತೆ ಮಾತಾಡ್ಲಿಲ್ಲ ಕಣೋ. ತಟ್ಟೆ ಮುಂದಕ್ಕೆ ತಳ್ಳಿ ಎದ್ದು ಹೋಗ್ತಿದ್ದೆ. ದೇವರಾಣೆ ತಗೊಂಡಿಲ್ಲ ಕಣೇ ಅಂತ ದಿನಾ ಹೇಳೋರು. ಲೆಕ್ಕ ನಾನೇ ಮಾಡಿ ನೋಡಿದ್ನಲ್ಲ, ನಂಬ್ಲಿಲ್ಲ. ಎದೆ ಹಿಡ್ಕೊಂಡು ನೀರು ಕೇಳಿದ್ರು. ದುಡ್ಡು ಎಲ್ಲಿಟ್ಟಿದ್ದೀರಿ ಹೇಳಿ, ಆಮೇಲೆ ಕೊಡ್ತೀನಿ ಅಂದೆ."

ನಾನು ಅವರ ಕಾಲಿನ ಕಡೆ ಕೈ ಚಾಚಿದೆ, ಅವರು ಕಾಲು ಎಳೆದುಕೊಂಡರು.

"ಕಳ್ಳನ ಹೆಂಡತಿ ಅನ್ನಿಸ್ಕೊಂಡು ಹೇಗೋ ಇದ್ದೆ" ಎಂದರು ಚಿಕ್ಕಮ್ಮ. "ಇದನ್ನ ನಂಗ್ಯಾಕಪ್ಪ ಹೇಳೋಕೆ ಬಂದೆ?"