ಸೋಮವಾರ ತೆರೆಯದ ವೆಬ್‌ಸೈಟ್

ಸೋಮವಾರ ತೆರೆಯಬೇಕಿದ್ದ ವೆಬ್‌ಸೈಟ್ ತೆರೆಯುವುದಿಲ್ಲವೆಂದು ಶುಕ್ರವಾರ ಬೆಳಿಗ್ಗೆಯೇ ಅವಳಿಗೆ ಖಾತ್ರಿಯಾಯಿತು. ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಕೂತು ಕಂಡವರ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಕಟ್ಟಿಕೊಡುವುದು ಅವಳ ಕಸುಬು. ಈ ಸಲದ ಗಿರಾಕಿ, ಹಳೆಯ ಕುರ್ಚಿ ಮೇಜುಗಳಿಗೆ ಮರುಜೀವ ಕೊಡುವ ಒಬ್ಬ ಬಡಗಿ. ಅವರಿಗೆ ಬರೆದಳು:

"ನಮಸ್ಕಾರ ಸರ್. ಸೋಮವಾರ ವೆಬ್‌ಸೈಟ್ ಶುರು ಮಾಡಲು ಆಗುತ್ತಿಲ್ಲ, ಕ್ಷಮಿಸಿ. ಗಿರಾಕಿಗಳು ವಿಚಾರಿಸಲು ತುಂಬುವ ಫಾರ್ಮ್ ಸರಿಮಾಡಲು ನನಗೇ ಎರಡು ದಿನ ಹೆಚ್ಚು ಹಿಡಿಯಿತು. ಅದೀಗ ಮುಗಿದಿದೆ. ಮಿಕ್ಕಿದ್ದು ನಿಮ್ಮಿಂದ ಬರಬೇಕು: ರಿಪೇರಿಗೆ ಮುಂಚಿನ ಹಾಗೂ ನಂತರದ ಆರು ದೊಡ್ಡ ಫೋಟೋ, ಅಂಗಡಿ ತೆರೆಯುವ ವೇಳೆ, ನಿಮ್ಮ ಬಗ್ಗೆ ಹತ್ತು ಸಾಲು. ಕೊನೆಯದಾಗಿ, ವೆಬ್‌ಸೈಟ್‌ನ ವಿಳಾಸ ನಿಮ್ಮ ತಮ್ಮನವರ ಖಾತೆಯಲ್ಲಿದೆ. ಆ ವಿಳಾಸ ಹೊಸ ವೆಬ್‌ಸೈಟ್‌ಗೆ ಸೇರಲು ಖಾತೆಯಲ್ಲಿ ಎರಡು ಸಾಲನ್ನು ಅವರೇ ಬದಲಿಸಬೇಕು. ಬುಧವಾರದೊಳಗೆ ಎಲ್ಲ ಸಿಕ್ಕರೆ ಶುಕ್ರವಾರ ಶುರು ಮಾಡೋಣ."

ಸಂಜೆಯೊಳಗೆ ಫೋಟೋಗಳು ಬಂದವು, ವೇಳೆ ಬಂತು. "ಹತ್ತು ಸಾಲು ಹೊಳೀಲಿಲ್ಲ, ಮೂರು ಸಾಕಾ?" ಎಂಬ ಪ್ರಶ್ನೆಯೊಂದಿಗೆ ಮೂರು ಸಾಲೂ ಬಂದವು. ತಮ್ಮನ ಸುದ್ದಿ ಮಾತ್ರ ಇಲ್ಲ.

ಬುಧವಾರ ಮಧ್ಯಾಹ್ನ ಅವಳೇ ಬಡಗಿಗೆ ಫೋನ್ ಮಾಡಿದಳು.

"ಸರ್, ತಮ್ಮನವರಿಗೆ ಹೇಳಿದ್ರಾ?"

"ನೀವೇ ಒಂದ್ಮಾತು ಕೇಳ್ಬಿಡಿ ಮೇಡಂ."

"ಕೇಳ್ದೆ ಸರ್. ‘ಅಣ್ಣನಿಗೆ ಬೇಕಿದ್ರೆ ಅಣ್ಣನೇ ಕೇಳ್ಲಿ’ ಅಂದ್ರು."

ಆ ಕಡೆ ಮರ ಉಜ್ಜುವ ಕಾಗದದ ಸರಸರ ನಿಂತುಹೋಯಿತು. "ಮಾತು ಬಿಟ್ಟು ಆರು ವರ್ಷ ಆಯ್ತು," ಎಂದರು ಬಡಗಿ.

"ಬೇರೆ ವಿಳಾಸ ತಗೊಂಡ್ರೆ ಅವರ ಹಂಗೇ ಬೇಡ ಸರ್."

"ಬೇಡಮ್ಮ. ಆ ಹೆಸರು ಇಬ್ರೂ ಕೂತು ಇಟ್ಟಿದ್ದು." ಮತ್ತೆ ಅವರೇ ಕೇಳಿದರು: "ನೀವು ಲೈನಲ್ಲೇ ಇರ್ತೀರಾ? ಅವ್ನು ಈ ವೆಬ್‌ಸೈಟ್ ವಿಷ್ಯ ಕೇಳಿದ್ರೆ ನಂಗೆ ಹೇಳೋಕೆ ಬರಲ್ಲ."

ಅವಳು ಇಬ್ಬರನ್ನೂ ಒಂದೇ ಕರೆಗೆ ಸೇರಿಸಿದಳು.

"ಯಾರು?" ಎಂದ ತಮ್ಮ.

"ನಾನು ಕಣೋ." ಎಂದರು ಬಡಗಿ. "ಅದೇನೋ ಎರಡು ಸಾಲು ಬದಲಿಸ್ಬೇಕಂತೆ."

"ಕಳ್ಸು, ಮಾಡ್ತೀನಿ."

ಅಷ್ಟೇ. ಆರು ವರ್ಷದ ಮೇಲೆ ಅಷ್ಟೇ. ಆದರೂ ಯಾರೂ ಫೋನ್ ಇಡಲಿಲ್ಲ.

"ಮಂಡಿನೋವು ಹೇಗಿದ್ಯೋ ಅಣ್ಣ?" ಎಂದ ತಮ್ಮ.

"ಮೆಟ್ಲು ಹತ್ತೋದು ಬಿಟ್ಟಿದ್ದೀನಿ ಬಿಡು..."

ಇನ್ನು ಅಲ್ಲಿ ತನಗೆ ಕೆಲಸವಿಲ್ಲವೆಂದು ಅವಳು ಸದ್ದಿಲ್ಲದೆ ಕರೆಯಿಂದ ಹೊರಬಂದು, ತಮ್ಮನಿಗೆ ಆ ಎರಡು ಸಾಲು ಕಳಿಸಿದಳು. ಸಂಜೆಗೆ ‘ಆಯ್ತು’ ಎಂದು ಉತ್ತರ ಬಂತು.

ಶುಕ್ರವಾರ ಬೆಳಿಗ್ಗೆ ವೆಬ್‌ಸೈಟ್ ತೆರೆಯಿತು. ಬಡಗಿಯ ಸಂದೇಶವೂ ಬಂತು: "ಚೆನ್ನಾಗಿದೆ ಮೇಡಂ. ತಮ್ಮ ಬಂದಿದ್ದಾನೆ, ಜೊತೇಲೇ ಕೂತು ನೋಡ್ತಿದ್ದೀವಿ."

ಅವಳಿಗೂ ಯಾರಿಗಾದರೂ ತೋರಿಸಬೇಕೆನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೂ ಸರಿಸಿದಳು. ದರ್ಜಿ, ದಂತವೈದ್ಯರು, ಸೈಕಲ್ ಅಂಗಡಿ, ಸಂಗೀತದ ಮೇಷ್ಟ್ರು. ಎಲ್ಲರೂ ಗಿರಾಕಿಗಳೇ. ಫೋನನ್ನು ಮೇಜಿನ ಮೇಲೆ ಬೋರಲಿಟ್ಟು, ಆ ವೆಬ್‌ಸೈಟನ್ನು ಮೊದಲಿನಿಂದ ಇನ್ನೊಮ್ಮೆ ತಾನೊಬ್ಬಳೇ ನೋಡಿದಳು.